ಕ್ರಾಪೋ, ಕ್ಲಿಪ್ಪೋ? ಬಿದ್ರಿ ಬಳ್ಳಿಯೊಂದರ ಲೆಕ್ಕ

ಬೀದರಿನ ಬಿದ್ರಿ ಅಂಗಡಿಯೊಂದಕ್ಕೆ ಇಲಸ್ಟ್ರೇಟರ್‌ನಲ್ಲಿ ಲೋಗೋ ಮಾಡುತ್ತಿದ್ದೆ. ಹೂಬಳ್ಳಿ ವೃತ್ತದೊಳಗೆ ಮಾತ್ರ ಕಾಣಬೇಕು, ಹೊರಗೆ ಚಾಚಿದ್ದು ಬೇಡ. ಇದಕ್ಕೆ ದಾರಿ ಎರಡು.

ಪಾತ್‌ಫೈಂಡರ್‌ನ Crop ಒತ್ತಿದರೆ ವೃತ್ತದ ಹೊರಗಿನದು ಅಳಿಸಿಯೇ ಹೋಗುತ್ತದೆ. ಜೊತೆಗೆ ಅದು ಸ್ಟ್ರೋಕ್‌ಗಳನ್ನೂ ತೆಗೆದುಹಾಕುತ್ತದೆ. ನನ್ನ ಬಳ್ಳಿಯ ದಂಟು ಪೂರ್ತಿ ಸ್ಟ್ರೋಕ್‌ನಲ್ಲೇ ಎಳೆದದ್ದು. ದಂಟು ಮಾಯವಾಗಿ ಫಿಲ್ ಇದ್ದ ಎಲೆಗಳಷ್ಟೇ ಉಳಿದವು. ಮೊದಲೇ Outline Stroke ಕೊಟ್ಟಿದ್ದರೆ ದಂಟೂ ಆಕಾರವಾಗಿ ಉಳಿಯುತ್ತಿತ್ತು.

ಕೊನೆಗೆ ಹಿಡಿದದ್ದು ಎರಡನೇ ದಾರಿ, ಕ್ಲಿಪ್ಪಿಂಗ್ ಮಾಸ್ಕ್. ಅದು ಏನನ್ನೂ ಕತ್ತರಿಸುವುದಿಲ್ಲ, ಬರೀ ಮರೆಮಾಡುತ್ತದೆ. ವೃತ್ತವನ್ನು ಎಲ್ಲಕ್ಕಿಂತ ಮೇಲಿಟ್ಟು, ಎರಡನ್ನೂ ಆಯ್ದು Ctrl+7 ಒತ್ತಿದರೆ ಆಯಿತು. ವೃತ್ತದ ಬಣ್ಣ ಹೋಗುತ್ತದೆ, ಅಂಚು ಬೇಕಿದ್ದರೆ ಮತ್ತೆ ಕೊಡಬೇಕು.

ಎರಡು ದಿನ ಬಿಟ್ಟು ಮಾಲೀಕರು, “ಹೂವು ನಡುವ ಬರ್ಲಿ, ಬಳ್ಳಿ ಒಂದೀಟು ಎಡಕ್ಕ ಸರಸ್ರಿ” ಎಂದರು. ಒಳಗಿನ ಬಳ್ಳಿಯನ್ನಷ್ಟೇ ಸರಿಸಿದೆ, ಮರೆಯಲ್ಲಿದ್ದ ಎಲೆಗಳು ಒಳಗೆ ಬಂದವು. ಕ್ರಾಪ್ ಮಾಡಿಟ್ಟಿದ್ದರೆ ಅಲ್ಲಿ ಖಾಲಿ ಜಾಗ ಬೀಳುತ್ತಿತ್ತು. ಗಿರಾಕಿ ಪೂರ್ತಿ ಒಪ್ಪುವ ತನಕ ನಾನಂತೂ ಅಳಿಸುವುದಿಲ್ಲ.

ಆದರೆ ಅದೇ ಲೋಗೋ ಗಾಡಿಯ ರೇಡಿಯಂ ಸ್ಟಿಕ್ಕರ್‌ಗೆ ಹೋಗುವಾಗ ಮಾತು ಬೇರೆ. ಎಷ್ಟೋ ಕಟಿಂಗ್ ಪ್ಲಾಟರ್‌ಗಳಿಗೆ ಮಾಸ್ಕ್ ಲೆಕ್ಕಕ್ಕಿಲ್ಲ. ಮರೆಯಲ್ಲಿರುವ ಗೆರೆಯ ಮೇಲೂ ಬ್ಲೇಡ್ ಓಡುತ್ತದೆ. ಕಳಿಸುವ ಮುಂಚೆ Ctrl+Y ಒತ್ತಿ ಬರೀ ಗೆರೆಗಳ ನೋಟದಲ್ಲಿ ನೋಡಿ: ವೃತ್ತದಾಚೆ ಗೆರೆ ಕಂಡರೆ ಬ್ಲೇಡ್‌ಗೂ ಕಂಡೀತು. ಆಗ ಫೈಲಿನ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಮಾಸ್ಕ್ ಬಿಚ್ಚಿ, ಸ್ಟ್ರೋಕ್ ಆಕಾರವಾಗಿಸಿ, ಕ್ರಾಪ್ ಮಾಡಿ. ಮೂಲ ಫೈಲು ಮಾಸ್ಕ್ ಸಮೇತ ಹಾಗೇ ಇರಲಿ.