ಗ್ರೂಪ್ ಚಾಟ್ ನೋಡಿ ಯಾರು ಎಷ್ಟು ಕೆಲಸ ಮಾಡಿದರು ಅಂತ ತೀರ್ಮಾನಿಸಬೇಡಿ

ಕಾಲೇಜು ಪ್ರಾಜೆಕ್ಟ್‌ಗೆ ಲೀಡರ್ ಆಗಿರುವವರು ದಯವಿಟ್ಟು ಇದನ್ನು ಓದಿ. ನಾನು ಮಾಡಿದ ತಪ್ಪಿನಿಂದ ಒಬ್ಬ ಗೆಳತಿಗೆ 25ಕ್ಕೆ 11 ಅಂಕ ಬಂತು. ಅವಳು ನಮ್ಮೆಲ್ಲರಿಗಿಂತ ಜಾಸ್ತಿ ದುಡಿದಿದ್ದಳು.

ನಾವು ಮಡಿಕೇರಿಯಲ್ಲಿ ಬಿ.ಕಾಂ ಓದುತ್ತಿದ್ದ ಐದು ಜನ. ಸಣ್ಣ ಕಾಫಿ ಬೆಳೆಗಾರರು ಕಾಫಿ ಹಣ್ಣನ್ನು ಹಾಗೇ ಒಣಗಿಸಿ ಚೆರಿಯಾಗಿ ಮಾರುತ್ತಾರಾ, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಮಾಡಿ ಮಾರುತ್ತಾರಾ, ಯಾಕೆ ಅನ್ನುವುದು ವಿಷಯ. 40 ಮನೆಗಳ ಸರ್ವೆ. ಭಾಗಮಂಡಲ ಕಡೆಯ ಗೆಳತಿಗೆ 18 ಮನೆ, ನಾಪೋಕ್ಲಿನ ಹುಡುಗನಿಗೆ 12, ನನಗೆ 10. ಇನ್ನೊಬ್ಬನು ಫಾರ್ಮ್‌ಗಳನ್ನು ಶೀಟ್‌ಗೆ ಹಾಕಬೇಕಿತ್ತು. ಐದನೆಯವನ ಮನೆ ಪೇಟೆಯಲ್ಲೇ, ವೈಫೈ ಇತ್ತು. ಮೆಸೇಜ್ ಹಾಕಿದ ನಿಮಿಷಕ್ಕೆ "ನಾನು ಮಾಡ್ತೀನಿ" ಅಂದು ಪಿಪಿಟಿ ತಗೊಂಡ.

ಜುಲೈ ತಿಂಗಳು. ಮಳೆ ಹಿಡಿಯಿತು, ರಜೆ ಕೊಟ್ಟರು. ಆ ಗೆಳತಿ ಒಂಬತ್ತು ದಿನ ಚಾಟ್‌ನಲ್ಲಿ ಕಾಣಲೇ ಇಲ್ಲ. ಶೀಟ್ ಹುಡುಗ ದಿನಾ "ನಾಳೆ ಕೊಡ್ತೀನಿ" ಅನ್ನುತ್ತಿದ್ದ. ಪಿಪಿಟಿ ಹುಡುಗ ದಿನಕ್ಕೆ ನಾಲ್ಕು ಸಲ ಏನಾದರೂ ಕಳಿಸುತ್ತಿದ್ದ. ಎಂಟನೇ ದಿನ ಮೊದಲ ಕರಡಿನ ಜೊತೆ ಯಾರ ಪಾಲು ಎಷ್ಟು ಅಂತ ಮೇಡಂಗೆ ಬರೆದು ಕೊಡಬೇಕಿತ್ತು. ನಾನು ಚಾಟ್ ಮೇಲೆ ಕೆಳಗೆ ಆಡಿಸಿ ನೋಡಿ ಬರೆದೆ: ನನಗೆ 30, ಪಿಪಿಟಿಗೆ 30, ನಾಪೋಕ್ಲಿಗೆ 20, ಶೀಟ್‌ಗೆ 15, ಅವಳಿಗೆ 5.

ಕಾಲೇಜು ತೆರೆದ ದಿನ ಅವಳು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ 18 ಫಾರ್ಮ್ ತಂದಳು. ಕರೆಂಟ್ ಹೋಗಿ ಊರಿನ ಟವರ್ ನಿಂತುಹೋಗಿತ್ತಂತೆ. ಮಳೆ ಬಿಟ್ಟಾಗಲೆಲ್ಲ ಹೋಗಿ ಮಾತಾಡಿಸಿ ಬಂದಿದ್ದಳು. ಒಂದು ಮನೆಗೆ ನಲವತ್ತು ನಿಮಿಷ ಅಂದರೂ 18 ಮನೆಗೆ 12 ಗಂಟೆ. ನಡೆದು ಹೋಗಿ ಬಂದ ಹೊತ್ತು ಬೇರೆ. ಪಿಪಿಟಿ 12 ಸ್ಲೈಡ್, ಒಂದು ಸಂಜೆಯ ಮೂರು ಗಂಟೆಯ ಕೆಲಸ.

ನಾನು ನೋಡಬೇಕಾಗಿದ್ದದ್ದು ಚಾಟ್‌ನಲ್ಲೇ ಇತ್ತು. ವಾಟ್ಸಾಪ್ ಗ್ರೂಪ್‌ನಲ್ಲಿ ಎರಡನೇ ಟಿಕ್ ಬರುವುದು ಮೆಸೇಜ್ ಎಲ್ಲರ ಫೋನಿಗೂ ತಲುಪಿದ ಮೇಲೆ. ಆ ಒಂಬತ್ತು ದಿನ ನನ್ನ ಮೆಸೇಜ್‌ಗಳಿಗೆ ಒಂದೇ ಟಿಕ್ ಇತ್ತು. ಉಳಿದವರು ಉತ್ತರ ಕೊಡುತ್ತಿದ್ದರಲ್ವಾ, ನಾನು ಟಿಕ್ ಕಡೆ ನೋಡಲೇ ಇಲ್ಲ. ನಿಮ್ಮ ಮೆಸೇಜನ್ನು ಒತ್ತಿ ಹಿಡಿದು `Info` ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಅಂತ ಹೆಸರು ಸಮೇತ ಬರುತ್ತದೆ. ಎರಡರಲ್ಲೂ ಹೆಸರಿಲ್ಲ ಅಂದರೆ ಮೆಸೇಜ್ ಅವರಿಗೆ ಹೋಗಿಯೇ ಇಲ್ಲ. ಅಂಥವರನ್ನು "ಮಾಯವಾದರು" ಅನ್ನಬಾರದು, ಆ ಊರಿನ ಯಾರನ್ನಾದರೂ ಕೇಳಿ ನೋಡಬೇಕು. ಓದಿಯೂ ಉತ್ತರ ಇಲ್ಲದಿದ್ದರೂ ಫೋನ್ ಮಾಡಿಯೇ ಕೇಳಿ. ಒಂದೇ ಫೋನನ್ನು ಮನೆಯವರೆಲ್ಲ ಬಳಸುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಓದಿದ್ದು ತಮ್ಮನೂ ಆಗಿರಬಹುದು.

ತಡ ಮಾಡಿದವನ ವಿಷಯದಲ್ಲೂ ನಾನು ಎಡವಿದೆ. ಅವನ ಕೆಲಸ ಶುರುವಾಗಬೇಕಾದರೆ ನಮ್ಮ ಫಾರ್ಮ್ ಬರಬೇಕು. ಕೊನೆಗೆ ಅವನೇ ಕೇಳಿದ: "ನೀನೇ ನಿನ್ನ ಹತ್ತು ಫಾರ್ಮನ್ನ ಏಳನೇ ದಿನ ಕೊಟ್ಟೆ ಮಾರಾಯ್ತಿ, ನಾನು ಏನಂತ ಹಾಕಲಿ?" ನಿಜ. ತಡ ನನ್ನದಾಗಿತ್ತು, ಕೆಟ್ಟ ಹೆಸರು ಅವನಿಗೆ ಬಂತು. ಯಾರಾದರೂ ತಡ ಮಾಡುತ್ತಿದ್ದರೆ ಮೊದಲು ಅವರು ಯಾರಿಗಾಗಿ ಕಾಯುತ್ತಿದ್ದಾರೆ ಅಂತ ಕೇಳಿ.

ಗೂಗಲ್ ಡಾಕ್ಸ್ ಮತ್ತು ಶೀಟ್‌ನಲ್ಲಿ `Version history` ಇದೆಯಲ್ಲ, ಅದನ್ನೇ ನೋಡಿದರಾಯ್ತು ಅಂತ ಕೆಲವರು ಹೇಳುತ್ತಾರೆ. ಚಾಟ್‌ಗಿಂತ ಅದು ವಾಸಿ. ಆದರೆ ಅದು ತೋರಿಸುವುದು ಯಾರ ಅಕೌಂಟ್‌ನಿಂದ ಟೈಪ್ ಆಯಿತು ಅಂತ ಮಾತ್ರ. ಅವಳ 18 ಫಾರ್ಮ್ ಟೈಪ್ ಮಾಡಿದ್ದು ಶೀಟ್ ಹುಡುಗ, ಹಾಗಾಗಿ ಅಲ್ಲಿ ಎಲ್ಲ ಅವನ ಹೆಸರಲ್ಲೇ ಇದೆ. ಕಾಗದದ ಮೇಲೆ, ಕಾಲ ಮೇಲೆ ಮಾಡಿದ ಕೆಲಸ ಅಲ್ಲಿ ಸಿಗುವುದಿಲ್ಲ.

ಮುಂದಿನ ಸೆಮಿಸ್ಟರ್‌ನಿಂದ ನಾನು ಒಂದು ನೋಟ್‌ಬುಕ್ ಇಟ್ಟೆ. ಏನು, ಯಾರು, ಯಾವ ದಿನ ಯಾರ ಕೈಗೆ ಕೊಟ್ಟರು, ಎಷ್ಟು ಗಂಟೆ ಹಿಡಿಯಿತು, ಇಷ್ಟೇ. ಪಾಲು ಬರೆಯುವಾಗ ಎಲ್ಲರೂ ಎದುರಿಗೆ ಕೂತು, ಓದಿ, ಸಹಿ ಹಾಕಿದ ಮೇಲೆಯೇ ಮೇಡಂಗೆ ಕೊಡುತ್ತೇನೆ. ಒಬ್ಬರು ಬಂದಿಲ್ಲ ಅಂದರೆ ಅವರ ಸಾಲು ಖಾಲಿ ಬಿಟ್ಟು, ಯಾಕೆ ಅಂತ ಬರೆಯುತ್ತೇನೆ. ಅಂದಾಜಿನ ಅಂಕಿ ಹಾಕುವುದಿಲ್ಲ.

ಆ ದಿನ ಕವರ್ ಬಿಚ್ಚಿ ಫಾರ್ಮ್ ನೋಡಿದ ಕೂಡಲೇ ನಾನು ಮೇಡಂ ಹತ್ತಿರ ಹೋಗಬೇಕಿತ್ತು. ಅಂತಿಮ ವರದಿ ಕೊಡುವಾಗ ಹೇಳಿದರಾಯ್ತು ಅಂದುಕೊಂಡೆ. ಹತ್ತು ದಿನ ಬಿಟ್ಟು ಹೋದಾಗ ಅಂಕಗಳನ್ನು ಆಗಲೇ ಕಳಿಸಿ ಆಗಿತ್ತು. ನಾನು ಅವಳ ಹತ್ತಿರ ಕ್ಷಮೆ ಕೇಳಿದೆ. "ಪರವಾಗಿಲ್ಲ" ಅಂದಳು. ಮುಂದಿನ ಪ್ರಾಜೆಕ್ಟ್‌ಗೆ ಬೇರೆ ಗುಂಪಿಗೆ ಹೆಸರು ಕೊಟ್ಟಳು.