ಗೈಡಾ, ಆ್ಯಪಾ, ಬಿಸ್ಕತ್ ಡಬ್ಬಿಯಾ?

ಪ್ರೀತಿಯ ವಿದ್ಯಾರ್ಥಿನಿಗೆ,

ನಂಬರ್ ಸೀರೀಸ್‌ಗೆ ದಪ್ಪ ಗೈಡ್ ತಗೊಳ್ಳಲಾ, ಆ್ಯಪ್‌ಗೆ ದುಡ್ಡು ಕಟ್ಟಲಾ, ಇಲ್ಲ ನಿಮ್ಮ ಚೀಟಿ ಡಬ್ಬಿಯೇ ಸಾಕಾ ಸರ್ ಅಂತ ಮೊನ್ನೆ ಕೇಳಿದೆಯಲ್ಲ. ನನ್ನ ಓಟು ಡಬ್ಬಿಗೇ. ಕಳೆದ ವರ್ಷ ಮೂರನ್ನೂ ಮೂರು ಮೂರು ವಾರ, ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ನಾನೇ ಮಾಡಿ ನೋಡಿದೆ. ಗೈಡ್‌ಗೆ ಕೊಟ್ಟ ಆರುನೂರು ರೂಪಾಯಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗೈಡ್‌ನಲ್ಲಿ ಲೆಕ್ಕಗಳು ಕೆಟ್ಟದಾಗಿರಲಿಲ್ಲ. ತೊಂದರೆ ಇದ್ದದ್ದು ತಲೆಬರಹದಲ್ಲಿ. ‘ವ್ಯತ್ಯಾಸದ ಸರಣಿಗಳು’ ಅಂತ ಮೇಲೆ ಬರೆದು ಕೆಳಗೆ ಐವತ್ತು ಲೆಕ್ಕ ಕೊಟ್ಟಿದ್ದರು. ಆರನೇ ಲೆಕ್ಕಕ್ಕೆ ಬರುವಷ್ಟರಲ್ಲಿ ನಾನು ಯೋಚಿಸುವುದನ್ನೇ ಬಿಟ್ಟಿದ್ದೆ, ಬರೀ ಕಳೆಯುತ್ತಿದ್ದೆ. ದಿನಕ್ಕೆ ಐವತ್ತು ಮುಗಿಸಿದೆ ಅಂತ ಖುಷಿ ಬೇರೆ.

ಆಮೇಲೆ ಒಂದು ಮಾಕ್ ಟೆಸ್ಟ್‌ನಲ್ಲಿ ಇದು ಬಂತು: 5, 6, 14, 45, 184, ? ಅಭ್ಯಾಸಬಲದಿಂದ ವ್ಯತ್ಯಾಸ ತೆಗೆದೆ. 1, 8, 31, 139. ಏನೂ ಹೊಳೆಯಲಿಲ್ಲ. ಮತ್ತೆ ಅದರ ವ್ಯತ್ಯಾಸ, ಮತ್ತೆ ಅದರದ್ದು... ನಾಲ್ಕು ನಿಮಿಷ ಹೋಯಿತು. ನೋಡಬೇಕಾಗಿದ್ದದ್ದು ಸಂಖ್ಯೆ ಎಷ್ಟು ಪಟ್ಟು ಬೆಳೆಯುತ್ತಿದೆ ಅನ್ನುವುದನ್ನು. 6ರಿಂದ 14 ಎರಡು ಪಟ್ಟಿಗಿಂತ ತುಸು ಹೆಚ್ಚು, 14ರಿಂದ 45 ಮೂರು ಪಟ್ಟಿಗಿಂತ ತುಸು ಹೆಚ್ಚು, 45ರಿಂದ 184 ನಾಲ್ಕು ಪಟ್ಟಿಗಿಂತ. ಆ ‘ತುಸು’ ಎಷ್ಟೆಂದು ನೋಡಿದರೆ 2, 3, 4. ಮೊದಲ ಹೆಜ್ಜೆಯೂ ಹಾಗೇ, 5×1+1. ಹಾಗಾಗಿ ಮುಂದಿನದು 184×5+5, ಅಂದರೆ 925. ಗುಣಿಸುವುದು ನನಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಈ ಲೆಕ್ಕಕ್ಕೆ ಯಾವ ದಾರಿ ಅಂತ ಆರಿಸುವುದು ಬರುತ್ತಿರಲಿಲ್ಲ, ಯಾಕೆಂದರೆ ಆ ಕೆಲಸವನ್ನು ಮೂರು ವಾರವೂ ತಲೆಬರಹವೇ ಮಾಡಿಕೊಟ್ಟಿತ್ತು.

ಆ್ಯಪ್‌ನಲ್ಲಿ ಲೆಕ್ಕಗಳು ಕಲಸಿ ಬರುತ್ತವೆ, ಅದು ಒಳ್ಳೆಯದು. ಆದರೆ ನಾಲ್ಕು ಆಯ್ಕೆ ಕಣ್ಣೆದುರೇ ಇರುವುದರಿಂದ ಬೆರಳು ಅಂದಾಜಿನ ಮೇಲೆ ಓಡುತ್ತದೆ.

ಇನ್ನು ಡಬ್ಬಿ. ಸೀನಿಯರ್ ಹತ್ತಿರ ಹಳೇ ಗೈಡ್ ಈಸ್ಕೊ, ಎಲ್ಲ ಅಧ್ಯಾಯಗಳಿಂದಲೂ ಸೇರಿ ನೂರು ಲೆಕ್ಕ ಚೀಟಿಗೆ ಇಳಿಸು, ಆಯ್ಕೆ ಬರೆಯಬೇಡ, ಉತ್ತರ ಹಿಂದುಗಡೆ ಇರಲಿ. ಖಾಲಿ ಬಿಸ್ಕತ್ ಡಬ್ಬಿಗೆ ಹಾಕಿ ಕುಲುಕಿ ದಿನಕ್ಕೆ ಎಂಟು ತೆಗೆ. ಒಂದಕ್ಕೆ ತೊಂಬತ್ತು ಸೆಕೆಂಡು, ಅಷ್ಟರಲ್ಲಿ ಬಾರದಿದ್ದರೆ ಬಿಡು. ಬಿಟ್ಟದ್ದಕ್ಕೆ ಏನೇನು ಪ್ರಯತ್ನಿಸಿದೆ ಅಂತ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು, ಮರುದಿನ ಅದರಿಂದಲೇ ಶುರುಮಾಡು.

ಸರಣಿಯ ಕೆಳಗೆ ವ್ಯತ್ಯಾಸವನ್ನು ಚಿಹ್ನೆಯ ಸಮೇತ ಬರೆಯುವುದು ಮಾತ್ರ ತಪ್ಪಿಸಬೇಡ. 7, 12, 10, 17, 13, 22 ಬಂತು ಅಂದುಕೋ. +5, −2, +7, −4, +9. ಪ್ಲಸ್ಸು ಮೈನಸ್ಸು ಸರದಿಯಂತೆ ಬಂದರೆ ಎರಡು ಸರಣಿ ಹೆಣೆದುಕೊಂಡಿರಬಹುದು ಅಂತ ಮೊದಲು ಅನುಮಾನಿಸು. ಒಂದು ಬಿಟ್ಟು ಒಂದು ಓದು: 7, 10, 13. ಮುಂದಿನದು 16.

‘ತಪ್ಪು ಸಂಖ್ಯೆ ಹುಡುಕಿ’ ಅನ್ನುವ ಲೆಕ್ಕದಲ್ಲಿ ಈ ಸಾಲು ಇನ್ನೂ ಉಪಯೋಗಕ್ಕೆ ಬರುತ್ತದೆ. 3, 7, 15, 31, 62, 127. ವ್ಯತ್ಯಾಸ 4, 8, 16, 31, 65. ಇರಬೇಕಾದದ್ದು 32, 64. ಒಂದು ಕಡೆ ಒಂದು ಕಮ್ಮಿ, ಪಕ್ಕದಲ್ಲೇ ಒಂದು ಜಾಸ್ತಿ. ನಡುವಿನ ಒಂದು ಸಂಖ್ಯೆ ಜಾರಿದರೆ ಅದರ ಎರಡೂ ಬದಿಯ ವ್ಯತ್ಯಾಸಗಳು ಹೀಗೆ ಎದುರುಬದುರಾಗಿ ಕೆಡುತ್ತವೆ; ಆ ಎರಡರ ನಡುವೆ ನಿಂತಿರುವ 62 ಕಳ್ಳ, ಅದು 63 ಆಗಬೇಕು. ಮನಸ್ಸಿನಲ್ಲೇ ಕಳೆಯುವವರಿಗೆ ಇದು ಕಾಣುವುದಿಲ್ಲ.

ಡಬ್ಬಿಗೂ ಕೊರತೆ ಉಂಟು. ತಿಂಗಳಾದ ಮೇಲೆ ಚೀಟಿಯ ಮೊದಲ ಸಂಖ್ಯೆ ನೋಡಿದರೇ ಉತ್ತರ ನೆನಪಾಗುತ್ತದೆ, ಆಗ ಹೊಸ ಚೀಟಿ ಬರೆಯಬೇಕು. ಸ್ಕ್ರೀನ್ ಮುಂದೆ ಗಡಿಯಾರ ಓಡುವ ಒತ್ತಡವೂ ಅದರಲ್ಲಿಲ್ಲ. ಟೆಸ್ಟ್‌ಗೆ ಎರಡು ವಾರ ಇರುವಾಗ ಆ್ಯಪ್‌ನ ಉಚಿತ ಭಾಗ ಬಳಸು, ವರ್ಷದ ಚಂದಾ ಬೇಡ. ನಾನು ಬೆಳಿಗ್ಗೆ ಫೋನ್ ಮುಟ್ಟಿದರೆ ಅರ್ಧ ಗಂಟೆ ಬೇರೆಲ್ಲೋ ಹೋಗಿಬಿಡುವವನು, ಅದೂ ಈ ತೀರ್ಪಿನಲ್ಲಿ ಸೇರಿದೆ ಅನ್ನು.

ಮೊದಲ ಚೀಟಿ ನನ್ನ ಕಡೆಯಿಂದ: 4, 10, 18, 29, 40, 54. ಒಂದು ತಪ್ಪಿದೆ. ವ್ಯತ್ಯಾಸದ ಸಾಲು ಬರೆದುಕೊಂಡೇ ಸೋಮವಾರ ಬಾ.

ನಿನ್ನ ಆಪ್ಟಿಟ್ಯೂಡ್ ಮೇಷ್ಟ್ರು