ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಯಲ್ಲಿ ವ್ಯಾಲರಂಟ್: ಎರಡೂವರೆ ವರ್ಷ ಆಡಿದ ಮೇಲೆ

ನನ್ನ ಪಿಸಿಯಲ್ಲಿ ಇರುವುದು ರೈಜನ್ 5 5600ಜಿ ಪ್ರೊಸೆಸರ್, ಒಂದು ಎ520 ಮದರ್‌ಬೋರ್ಡ್, ಒಂದು ಎಸ್‌ಎಸ್‌ಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗೇ ಇರುವ ವೇಗಾ ಗ್ರಾಫಿಕ್ಸ್‌ನಲ್ಲೇ ಎರಡೂವರೆ ವರ್ಷದಿಂದ ದಿನಾ ರಾತ್ರಿ ವ್ಯಾಲರಂಟ್ ಎಂಬ ಶೂಟರ್ ಆಟ ಆಡುತ್ತಿದ್ದೇನೆ. ಈಗ ಈ ಪಿಸಿ ತುಂಬಾ ಚೆನ್ನಾಗಿ ಆಡಿಸುತ್ತದೆ. ಮೊದಲ ಐದು ತಿಂಗಳು ಮಾತ್ರ ಹಾಗಿರಲಿಲ್ಲ. ಆಗ ನಾನು ಗೇಮ್ ಒಳಗಿನ ಸೆಟ್ಟಿಂಗ್‌ಗಳನ್ನೇ ತಿರುಗಿಸುತ್ತಾ ಕೂತಿದ್ದೆ. ತೊಂದರೆ ಇದ್ದದ್ದು ಬೇರೆ ಕಡೆ.

ಆ ದಿನಗಳ ಒಂದು ರೌಂಡ್ ಇನ್ನೂ ನೆನಪಿದೆ. ಅಸೆಂಟ್ ಮ್ಯಾಪ್, ಎ ಸೈಟ್. ನಮ್ಮವರು ಸ್ಮೋಕ್ ಹಾಕಿದರು, ಎದುರಿನವರು ರೇಜ್ ಎಂಬ ಪಾತ್ರದ ಗ್ರೆನೇಡ್ ಎಸೆದರು, ಸೈಟ್ ಒಳಗೆ ಏಳೆಂಟು ಜನ ಒಟ್ಟಿಗೇ ನುಗ್ಗಿದರು. ನಾನು ಮೂಲೆಯಿಂದ ಹೊರಗೆ ಬಂದೆ. ಪರದೆ ಒಂದು ಕ್ಷಣ ನಿಂತೇ ಹೋಯಿತು. ಮತ್ತೆ ಚಲಿಸುವಷ್ಟರಲ್ಲಿ ನಾನು ಸತ್ತಿದ್ದೆ. ಹೆಡ್‌ಸೆಟ್‌ನಲ್ಲಿ ತಮ್ಮ, "ಅಣ್ಣಾ, ನಿನ್ನ ಎದುರಿಗೇ ಇದ್ದನಲ್ಲೋ, ಯಾಕೆ ಹೊಡೀಲಿಲ್ಲ?" ಅಂದ. ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ಹೇಳುವ ಎಫ್‌ಪಿಎಸ್ ಸಾಮಾನ್ಯವಾಗಿ 85-90 ಇರುತ್ತಿತ್ತು. ಜಗಳ ಜೋರಾದ ಕೂಡಲೇ 45ಕ್ಕೆ ಬೀಳುತ್ತಿತ್ತು. ಶೂಟರ್ ಆಟದಲ್ಲಿ ನಮ್ಮನ್ನು ಕೊಲ್ಲುವುದು ಈ ಬೀಳುವ ಅಂಕಿ. ಖಾಲಿ ಗಲ್ಲಿಯಲ್ಲಿ ಓಡುವಾಗ 150 ಬಂದರೂ ಅದರಿಂದ ಏನೂ ಪ್ರಯೋಜನವಿಲ್ಲ.

ಹಾಗಾಗಿ ಮೊದಲು ಅಳೆಯುವುದನ್ನು ಕಲಿಯಬೇಕು. ಸೆಟ್ಟಿಂಗ್ಸ್‌ನಲ್ಲಿ Video ಒಳಗೆ Stats ಎಂಬ ಭಾಗವಿದೆ. ಅಲ್ಲಿ Client FPS ಅನ್ನು ಗ್ರಾಫ್ ಆಗಿ ತೋರಿಸುವಂತೆ ಇಟ್ಟುಕೊಳ್ಳಿ. ಬರೀ ಅಂಕಿ ನೋಡಿದರೆ ಕಣ್ಣಿಗೆ ಸರಾಸರಿ ಮಾತ್ರ ಸಿಗುತ್ತದೆ, ಗ್ರಾಫ್‌ನಲ್ಲಿ ಎಫ್‌ಪಿಎಸ್ ಬಿದ್ದ ಜಾಗಗಳು ರಸ್ತೆ ಗುಂಡಿಗಳಂತೆ ಎದ್ದು ಕಾಣುತ್ತವೆ. ಪ್ರಾಕ್ಟೀಸ್ ರೇಂಜ್‌ನಲ್ಲಿ ಅಳೆದು ಖುಷಿಪಡಬೇಡಿ. ಅಲ್ಲಿ ಬೇರೆ ಆಟಗಾರರೇ ಇಲ್ಲ, ಅಂಕಿ ಯಾವಾಗಲೂ ಜಾಸ್ತಿಯೇ ಬರುತ್ತದೆ. ನಾನು ಪ್ರತಿ ಬಾರಿಯೂ ತಂಡವಿಲ್ಲದೆ ಎಲ್ಲರೂ ಎಲ್ಲರನ್ನೂ ಹೊಡೆಯುವ ಒಂದು ಪೂರ್ತಿ ಡೆತ್‌ಮ್ಯಾಚ್ ಆಡಿ ಅಳೆಯುತ್ತೇನೆ. ಆಮೇಲೆ ಒಂದು ನಿಜವಾದ ಮ್ಯಾಚ್‌ನಲ್ಲಿ ಖಾತ್ರಿ ಮಾಡಿಕೊಳ್ಳುತ್ತೇನೆ, ಯಾಕೆಂದರೆ ಸ್ಮೋಕ್, ಗ್ರೆನೇಡ್ ಎಲ್ಲ ಡೆತ್‌ಮ್ಯಾಚ್‌ನಲ್ಲಿ ಇರುವುದಿಲ್ಲ.

ಅಳೆದ ಮೇಲೆ ಒಂದು ಸುಲಭದ ಪರೀಕ್ಷೆ ಇದೆ. ರೆಸಲ್ಯೂಶನ್ ಅನ್ನು 1920x1080 ಇಂದ 1280x720ಕ್ಕೆ ಇಳಿಸಿ, ಮತ್ತೆ ಅದೇ ಡೆತ್‌ಮ್ಯಾಚ್ ಆಡಿ. ಎಫ್‌ಪಿಎಸ್ ಚೆನ್ನಾಗಿ ಏರಿ, ಗುಂಡಿಗಳೂ ತುಂಬಿದರೆ ಗ್ರಾಫಿಕ್ಸ್ ಕಡೆಯೇ ಭಾರ ಜಾಸ್ತಿಯಾಗಿದೆ ಎಂದರ್ಥ. ಆಗ ಗೇಮ್ ಸೆಟ್ಟಿಂಗ್ ಇಳಿಸಿದರೆ ಸಾಕು. ನನಗೆ ಸರಾಸರಿ ಏರಿತು, ಆದರೆ ಜಗಳದ ಹೊತ್ತಿನಲ್ಲಿ 45-50ರ ಗುಂಡಿ ಹಾಗೇ ಉಳಿಯಿತು. ಚಿತ್ರ ಮಸುಕಾಗಿದ್ದಷ್ಟೇ ಲಾಭ. ಅಲ್ಲಿಗೆ ಗೊತ್ತಾಯಿತು, ತೊಂದರೆ ಪ್ರೊಸೆಸರ್ ಅಥವಾ ಮೆಮೊರಿ ಕಡೆ ಇದೆ ಅಂತ.

ಟಾಸ್ಕ್ ಮ್ಯಾನೇಜರ್‌ನಲ್ಲಿ Performance, ಆಮೇಲೆ Memory ತೆರೆದು ನೋಡಿದೆ. Slots used: 1 of 2. Speed: 2666. ಪಿಸಿ ಜೋಡಿಸಿ ಕೊಟ್ಟ ಅಂಗಡಿಯವರು ಮೆಮೊರಿಗೆ, ಅಂದರೆ ರ್‍ಯಾಮ್‌ಗೆ, 8 ಜಿಬಿಯ ಒಂದೇ ಸ್ಟಿಕ್ ಹಾಕಿದ್ದರು. 3200 ವೇಗದ ಸ್ಟಿಕ್ ಅದು, ಆದರೆ ವಿಂಡೋಸ್‌ಗೆ ಮೊದಲೇ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ಆ ವೇಗವನ್ನು ಆನ್ ಮಾಡಿರಲಿಲ್ಲ. ಬಿಲ್‌ನಲ್ಲಿ "8 ಜಿಬಿ, 3200" ಅಂತ ಇದ್ದದ್ದನ್ನು ನೋಡಿ ನಾನೂ ಸುಮ್ಮನಿದ್ದೆ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಗ್ರಾಫಿಕ್ಸ್ ಕಾರ್ಡ್‌ಗೆ ತನ್ನದೇ ಮೆಮೊರಿ ಇರುತ್ತದೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಇರುವುದಿಲ್ಲ. ಅದೂ, ಪ್ರೊಸೆಸರೂ ಒಂದೇ ರ್‍ಯಾಮ್‌ನಿಂದ ಎಳೆದುಕೊಳ್ಳಬೇಕು. ಒಂದು ಸ್ಟಿಕ್ ಎಂದರೆ ಒಂದೇ ಬಾಗಿಲಿನ ಸಿಟಿ ಬಸ್ಸು. ಹತ್ತುವವರು, ಇಳಿಯುವವರು ಎಲ್ಲರಿಗೂ ಅದೇ ಬಾಗಿಲು. ಬಸ್ಸು ಖಾಲಿ ಇದ್ದಾಗ ಏನೂ ಅನ್ನಿಸುವುದಿಲ್ಲ, ಜನ ಜಾಸ್ತಿಯಾದಾಗ ನೂಕುನುಗ್ಗಲು. 3200ರಲ್ಲಿ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡು ಸ್ಟಿಕ್ 51.2 ಜಿಬಿ. ಇಲ್ಲಿ 8ರ ಬದಲು 16 ಜಿಬಿ ಆಗುವುದು ದೊಡ್ಡ ವಿಷಯವಲ್ಲ. ಎರಡನೇ ಬಾಗಿಲು ತೆರೆಯುವುದೇ ದೊಡ್ಡದು. ಒಂದೇ 16 ಜಿಬಿ ಸ್ಟಿಕ್‌ಗಿಂತ ಎರಡು 8 ಜಿಬಿ ಸ್ಟಿಕ್ ಇಂಥ ಪಿಸಿಗೆ ಎಷ್ಟೋ ಮೇಲು.

ಇನ್ನೊಂದು 8 ಜಿಬಿ ಸ್ಟಿಕ್ ತಂದೆ. ಮೊದಲಿನ ಕಂಪನಿಯದು ಸಿಗಲಿಲ್ಲ, ಬೇರೆ ಕಂಪನಿಯದು ಸಿಕ್ಕಿತು. ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಲಾಟ್‌ನ ಕ್ಲಿಪ್ ತೆಗೆದು ಟಕ್ ಎನ್ನುವವರೆಗೆ ಒತ್ತಿದೆ. ಆನ್ ಮಾಡಿದಾಗ ಪರದೆ ಒಂದು ನಿಮಿಷದ ತನಕ ಕಪ್ಪಾಗಿಯೇ ಇತ್ತು. ಎದೆ ಹೊಡೆದುಕೊಂಡಿತು. ಹೊಸ ರ್‍ಯಾಮ್ ಹಾಕಿದಾಗ ಬೋರ್ಡ್ ಅದನ್ನು ಪರೀಕ್ಷೆ ಮಾಡಿಕೊಳ್ಳುವ ಹೊತ್ತು ಅದು, ತಾನೇ ಒಂದೆರಡು ಸಲ ರೀಸ್ಟಾರ್ಟ್ ಕೂಡ ಆಗಬಹುದು. ಕಾಯಬೇಕು ಅಷ್ಟೇ. ಆಮೇಲೆ ಬಯಾಸ್‌ಗೆ ಹೋಗಿ, ಸ್ಟಿಕ್‌ನ ಪೂರ್ತಿ ವೇಗವನ್ನು ಕೊಡುವ XMP ಆನ್ ಮಾಡಿದೆ. ಕೆಲವು ಬೋರ್ಡ್‌ಗಳಲ್ಲಿ ಇದೇ ಸೌಲಭ್ಯಕ್ಕೆ A-XMP ಅಥವಾ D.O.C.P. ಎಂದು ಹೆಸರಿರುತ್ತದೆ.

ಮೂರನೇ ದಿನ ಮ್ಯಾಚ್ ಮಧ್ಯೆ ನೀಲಿ ಪರದೆ ಬಂತು. ಎರಡು ಕಂಪನಿಯ ಸ್ಟಿಕ್‌ಗಳು 3200ರಲ್ಲಿ ಹೊಂದಿಕೊಳ್ಳಲಿಲ್ಲ. ಬಯಾಸ್‌ನಲ್ಲಿ ವೇಗವನ್ನು 2933ಕ್ಕೆ ಇಳಿಸಿದೆ. ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಹಾಗೇ ನಡೆಯುತ್ತಿದೆ. 3200ಕ್ಕೂ 2933ಕ್ಕೂ ಆಟದಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ. ಹೊಸದಾಗಿ ಕೊಳ್ಳುವವರು ಮಾತ್ರ ಎರಡು ಸ್ಟಿಕ್ ಒಂದೇ ಪ್ಯಾಕ್‌ನಲ್ಲಿ ಬರುವುದನ್ನೇ ಕೊಳ್ಳಿ, ಈ ತಲೆನೋವು ಇರುವುದಿಲ್ಲ.

ಫಲ ಹೇಗಿತ್ತು ಅಂದರೆ, ಅದೇ 1080ರಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಸರಾಸರಿ 140ರ ಆಸುಪಾಸಿಗೆ ಬಂತು. ಅದಕ್ಕಿಂತ ಹೆಚ್ಚಾಗಿ, ಜೋರು ಜಗಳದಲ್ಲೂ 110ಕ್ಕಿಂತ ಕೆಳಗೆ ಇಳಿಯುವುದು ಅಪರೂಪವಾಯಿತು. ಗ್ರಾಫ್‌ನಲ್ಲಿದ್ದ ಗುಂಡಿಗಳು ಹೆಚ್ಚುಕಡಿಮೆ ಮುಚ್ಚಿಹೋದವು. ಐದು ತಿಂಗಳು ತಿರುಗಿಸಿದ ಅಷ್ಟೂ ಸೆಟ್ಟಿಂಗ್‌ಗಳು ಸೇರಿ ಇದರ ಕಾಲು ಭಾಗವನ್ನೂ ಕೊಟ್ಟಿರಲಿಲ್ಲ.

ಈಗ ಗೇಮ್ ಒಳಗಿನ ಸೆಟ್ಟಿಂಗ್ ವಿಷಯ. Multithreaded Rendering ಆನ್ ಇರಲೇಬೇಕು, 5600ಜಿಯ ಆರು ಕೋರ್‌ಗಳು ಕೆಲಸಕ್ಕೆ ಬರುವುದು ಅದರಿಂದ. ಗ್ರಾಫಿಕ್ಸ್‌ಗೆ ಭಾರವಾಗುವುದು Anti-Aliasing, Material Quality, Detail Quality. ಮೊದಲನೆಯದು None, ಉಳಿದೆರಡು Low. VSync ಆಫ್ ಇರಲಿ, ಅದು ಆನ್ ಇದ್ದರೆ ಮೌಸ್ ಅಲುಗಿಸಿದ್ದು ಪರದೆಗೆ ಬರುವುದು ತಡವಾಗುತ್ತದೆ. Cast Shadows ಆನ್ ಇಟ್ಟರೆ ಎದುರಾಳಿಯ ನೆರಳು ಕಾಣುತ್ತದೆ ಎಂದು ನಂಬಿದವರು ನನ್ನ ಗೆಳೆಯರಲ್ಲೇ ಇದ್ದಾರೆ. ಅದು ನಮ್ಮ ಕೈ, ನಮ್ಮ ಗನ್ ಮೇಲೆ ಬೀಳುವ ನೆರಳಿಗೆ ಮಾತ್ರ. ಆಫ್ ಮಾಡಿ. ಇನ್ನೊಂದಕ್ಕೆ ಎಫ್‌ಪಿಎಸ್ ಖರ್ಚೇ ಇಲ್ಲ: ಎದುರಾಳಿಯ ಅಂಚಿನ ಬಣ್ಣವನ್ನು ಕೆಂಪಿನಿಂದ ಹಳದಿಗೆ ಬದಲಿಸಿ. Low ಸೆಟ್ಟಿಂಗ್‌ನ ಮಂಕು ಗೋಡೆಗಳ ಮುಂದೆ ನನ್ನ ಕಣ್ಣಿಗೆ ಹಳದಿ ಬೇಗ ಸಿಗುತ್ತದೆ.

ಆಮೇಲೆ ಬರುವುದು ನನಗೆ ಎಲ್ಲಕ್ಕಿಂತ ಇಷ್ಟದ ಸೆಟ್ಟಿಂಗ್, Limit FPS Always. "ಎಫ್‌ಪಿಎಸ್ ಬರುವಷ್ಟು ಬರಲಿ, ತಡೆಯುವುದು ಯಾಕೆ?" ಎಂದು ಎಲ್ಲರೂ ಕೇಳುತ್ತಾರೆ. ತಡೆಯದೆ ಬಿಟ್ಟರೆ ನನ್ನ ಪಿಸಿಯಲ್ಲಿ ಅದು 180ಕ್ಕೆ ಹಾರುತ್ತದೆ, ಮರುಕ್ಷಣ 115ಕ್ಕೆ ಇಳಿಯುತ್ತದೆ. ಕೈಗೆ ಮೌಸ್ ಒಮ್ಮೆ ಹಗುರ, ಒಮ್ಮೆ ಭಾರ ಅನ್ನಿಸುತ್ತದೆ. 120ಕ್ಕೆ ಕಟ್ಟಿಹಾಕಿದರೆ ಒಂದೊಂದು ಚಿತ್ರವೂ ಸರಿಸುಮಾರು 8.3 ಮಿಲಿಸೆಕೆಂಡಿಗೆ ಒಂದರಂತೆ ಸಮನಾಗಿ ಬರುತ್ತದೆ. ನಿಮ್ಮ ಪಿಸಿಗೆ ಯಾವ ಅಂಕಿ ಎಂದರೆ, ಜೋರು ಜಗಳದಲ್ಲಿ ಎಲ್ಲಿಗೆ ಇಳಿಯುತ್ತದೋ ಅದರ ಹತ್ತಿರದ್ದು. ನನ್ನ ಮಾನಿಟರ್ 144 ಹರ್ಟ್ಸ್, ತನ್ನ ವೇಗವನ್ನು ಆಟದ ಎಫ್‌ಪಿಎಸ್‌ಗೆ ಹೊಂದಿಸಿಕೊಳ್ಳುವ ಫ್ರೀಸಿಂಕ್ ಅದರಲ್ಲಿದೆ. ಮಾನಿಟರ್‌ನ ಮೆನುವಿನಲ್ಲೂ ಎಎಂಡಿ ಸಾಫ್ಟ್‌ವೇರ್‌ನಲ್ಲೂ ಅದನ್ನು ಆನ್ ಮಾಡಿದ್ದೇನೆ. ಹಾಗಾಗಿ 120ರಲ್ಲಿ ಚಿತ್ರ ಹರಿದಂತೆ ಕಾಣುವುದಿಲ್ಲ.

ಮಾನಿಟರ್ ಬದಲಿಸಿದವರು ಒಂದನ್ನು ತಪ್ಪದೆ ನೋಡಿ. ನಾನು 144 ಹರ್ಟ್ಸ್ ತಂದು ಮೂರು ವಾರ 60ರಲ್ಲೇ ಆಡಿದ್ದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ System, Display, Advanced display ತೆರೆದು ರಿಫ್ರೆಶ್ ರೇಟ್ ಅನ್ನು ನಾವೇ ಆರಿಸಬೇಕು. ಅಲ್ಲಿ 144 ಕಾಣದಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ.

ಬೇಸಿಗೆಯಲ್ಲಿ ಇನ್ನೊಂದು ಪಾಠವಾಯಿತು. ನಮ್ಮದು ದಾವಣಗೆರೆ, ಏಪ್ರಿಲ್‌ನಲ್ಲಿ ಕೋಣೆಯೇ ಕಾದಿರುತ್ತದೆ. ಎರಡನೇ ವರ್ಷ ಆ ಹೊತ್ತಿಗೆ, ಮೊದಲ ಮ್ಯಾಚ್ ಚೆನ್ನಾಗಿದ್ದು ಎರಡನೇ ಮ್ಯಾಚ್‌ನಲ್ಲಿ ಎಫ್‌ಪಿಎಸ್ ಇಳಿಯತೊಡಗಿತು. ಆಟ ಶುರುವಾದಾಗ ಸರಿ ಇದ್ದು ಅರ್ಧ ಗಂಟೆಯ ಮೇಲೆ ಕೆಡುತ್ತಿದ್ದರೆ ಬಿಸಿಯನ್ನೇ ಅನುಮಾನಿಸಬೇಕು. ಈ ಪ್ರೊಸೆಸರ್‌ನ ಮಿತಿ 95 ಡಿಗ್ರಿ, ನನ್ನದು ಅದರ ಹತ್ತಿರ ಹೋಗಿತ್ತು. ಜೊತೆಗೆ ಬಂದ ಚಿಕ್ಕ ಕೂಲರ್‌ನ ಅಲ್ಯೂಮಿನಿಯಂ ಎಲೆಗಳ ನಡುವೆ ಧೂಳು ಹತ್ತಿಯ ಹಾಗೆ ಕೂತಿತ್ತು. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಬ್ರಶ್‌ನಿಂದ ತೆಗೆದೆ. ಹತ್ತು ಡಿಗ್ರಿಯಷ್ಟು ಇಳಿಯಿತು. 120ಕ್ಕೆ ಕಟ್ಟಿಹಾಕಿದ್ದೂ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಪ್ರೊಸೆಸರ್‌ಗೆ ಬೇಡದ ದುಡಿಮೆ ತಪ್ಪುತ್ತದೆ.

2025ರ ಜುಲೈನಲ್ಲಿ ಆಟ ಅನ್‌ರಿಯಲ್ ಎಂಜಿನ್ 5ಕ್ಕೆ ಬದಲಾದಾಗ ನನ್ನ ಪಿಸಿ ಕೆಟ್ಟೀತು ಎಂದು ಭಯವಿತ್ತು. ಅದೇ ಡೆತ್‌ಮ್ಯಾಚ್ ಪರೀಕ್ಷೆ ಮತ್ತೆ ಮಾಡಿದೆ. ಮೊದಲ ಮ್ಯಾಚ್ ಸ್ವಲ್ಪ ಜಗ್ಗಿತು, ಎರಡನೆಯದರಿಂದ ಸರಿಹೋಯಿತು. 120 ಈಗಲೂ ನಿಲ್ಲುತ್ತದೆ. ಹೊಸ ಡ್ರೈವರ್ ಹಾಕಿದಾಗಲೂ ಅಷ್ಟೇ, ಮೊದಲ ಮ್ಯಾಚ್ ನೋಡಿ ತೀರ್ಮಾನ ಮಾಡಬೇಡಿ.

ಆಡುತ್ತಲೇ ರೆಕಾರ್ಡ್ ಮಾಡುವುದು ಈ ಪಿಸಿಯಲ್ಲಿ ಆಗುವುದಿಲ್ಲ, ಗುಂಡಿಗಳು ಮತ್ತೆ ಬರುತ್ತವೆ. ಅದು ಬೇಕಿದ್ದವರು ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು. ಹಾಕಿಸುವಾಗ ಒಂದು ಎಚ್ಚರಿಕೆ ಇರಲಿ. ಕಾರ್ಡ್‌ಗೂ ಪ್ರೊಸೆಸರ್‌ಗೂ ನಡುವಿನ ದಾರಿಗೆ ಪಿಸಿಐಇ ಎನ್ನುತ್ತಾರೆ, 5600ಜಿ ಅದರ ಹಳೆಯ 3.0ಕ್ಕೆ ಸೀಮಿತ. ಅಗ್ಗದ ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡ್‌ಗಳು ಬರೀ ನಾಲ್ಕು ಲೇನ್ ಬಳಸುತ್ತವೆ, 3.0ರಲ್ಲಿ ಅವುಗಳ ವೇಗ ಕುಗ್ಗುತ್ತದೆ. ಹಳೆಯದಾದರೂ ಹದಿನಾರು ಲೇನ್ ಬಳಸುವ ಜಿಟಿಎಕ್ಸ್ 1650 ಥರದ್ದನ್ನು ನಾನು ನೋಡುತ್ತಿದ್ದೇನೆ. ಒಂದೇ ಸ್ಟಿಕ್ ಇರುವವರು ಮಾತ್ರ ಕಾರ್ಡ್‌ಗೆ ದುಡ್ಡು ಕೂಡಿಸುವ ಮುಂಚೆ ಟಾಸ್ಕ್ ಮ್ಯಾನೇಜರ್ ತೆರೆದು ಆ Slots used ಸಾಲನ್ನು ನೋಡಿ.